ಠೇವಣಿ ಪೋಸ್ಟ್‌ನಲ್ಲಿ ರಾಕೆಟ್ ಯಾಕೆ ಬೇಡ: ಎಮೋಜಿ, ಹ್ಯಾಶ್‌ಟ್ಯಾಗ್, ಆಡುಮಾತನ್ನು ತಪಾಸಣೆ ಮಾಡುವ ಬಗೆ

ಮೊದಲು ಒಂದು ಪೋಸ್ಟ್ ಓದಿ. ಇದು ಉದಾಹರಣೆಗಾಗಿ ನಾನೇ ಕಟ್ಟಿದ್ದು, ಯಾವ ಸಂಸ್ಥೆಯದೂ ಅಲ್ಲ. ಆದರೆ ಇಂಥದ್ದನ್ನು ನೀವು ಫೇಸ್‌ಬುಕ್‌ನಲ್ಲಿ ನೋಡಿಯೇ ಇರುತ್ತೀರಿ. ತಾಲ್ಲೂಕು ಕೇಂದ್ರದಲ್ಲಿರುವ ಒಂದು ಪತ್ತಿನ ಸಹಕಾರ ಸಂಘ ಹೊಸ ಠೇವಣಿ ಯೋಜನೆ ತಂದಿದೆ ಅಂದುಕೊಳ್ಳಿ.

> ಹಾಯ್ ಗೆಳೆಯರೇ! 🔥🔥 ನಿನ್ನ ದುಡ್ಡು ಸುಮ್ನೆ ಮಲ್ಕೊಂಡಿದ್ಯಾ? 😴 ನಮ್ಮ ಹೊಸ ಎಫ್‌ಡಿ ಸಖತ್ ಆಗಿದೆ ಗುರು! 🚀💰 9% ಬಡ್ಡಿ, 💯 ಸೇಫ್ ✅ ಇವತ್ತೇ ಬಾ 🏃‍♂️🏃‍♂️⏳ #ನಮ್ಮಬ್ಯಾಂಕ್ #9.5%ForSeniors #GetRich #RCB #Viral

ಬರೆದ ಹುಡುಗನ ತಪ್ಪೇನೂ ಇಲ್ಲ. ಅವನಿಗೆ ಹೇಳಿದ್ದೇ "ಸ್ವಲ್ಪ ಟ್ರೆಂಡಿಯಾಗಿ ಬರಿ" ಅಂತ. ಬಟ್ಟೆ ಅಂಗಡಿಗೋ ಐಸ್‌ಕ್ರೀಮ್ ಪಾರ್ಲರಿಗೋ ಇದೇ ಧಾಟಿ ಚೆನ್ನಾಗಿಯೇ ಒಪ್ಪುತ್ತಿತ್ತು. ಇಲ್ಲಿ ಒಪ್ಪುವುದಿಲ್ಲ. ಯಾಕೆ ಅನ್ನುವುದನ್ನು "ನಮ್ಮ ಗೌರವಕ್ಕೆ ತಕ್ಕದ್ದಲ್ಲ" ಎಂಬ ಒಂದು ಮಾತಿನಲ್ಲಿ ಮುಗಿಸಿಬಿಟ್ಟರೆ ಹುಡುಗನಿಗೂ ಅರ್ಥವಾಗಲ್ಲ, ಮುಂದಿನ ಪೋಸ್ಟ್ ಕೂಡ ಸರಿಹೋಗಲ್ಲ. ಗೌರವದ ಪ್ರಶ್ನೆ ಆಮೇಲಿನದು. ಮೊದಲ ಪ್ರಶ್ನೆ ಬೇರೆ: ಈ ಗುರುತುಗಳೆಲ್ಲ ಸೇರಿ ಓದುವವರಿಗೆ ಏನು ಮಾತು ಕೊಡುತ್ತಿವೆ? ಆ ಮಾತನ್ನು ಸಂಸ್ಥೆ ಉಳಿಸಿಕೊಳ್ಳಬಲ್ಲದಾ?

ಕಿತ್ತು ಓದಿ

ನಾನು ಮಾಡುವ ಮೊದಲ ಕೆಲಸ ತುಂಬಾ ಸರಳ. ಎಮೋಜಿಗಳನ್ನೆಲ್ಲ ಅಳಿಸಿ ಪೋಸ್ಟ್ ಓದುತ್ತೇನೆ. ಏನೂ ಕಳೆದುಹೋಗಲಿಲ್ಲ ಅಂದರೆ ಆ ಎಮೋಜಿ ಬರೀ ಅಲಂಕಾರ. ಒಂದೆರಡು ಉಳಿಸಿಕೊಂಡರೂ ನಷ್ಟವಿಲ್ಲ. ಆದರೆ ಅಳಿಸಿದಾಗ ಏನೋ ಒಂದು ಅರ್ಥ ಮಾಯವಾಯಿತು ಅಂದರೆ, ಆ ಎಮೋಜಿ ಒಂದು ಮಾತು ಹೇಳುತ್ತಿತ್ತು ಎಂದರ್ಥ. ಆಗ ಆ ಮಾತನ್ನು ಕನ್ನಡದಲ್ಲಿ ಪೂರ್ತಿ ವಾಕ್ಯವಾಗಿ ಪಕ್ಕದಲ್ಲಿ ಬರೆಯಬೇಕು. ಬರೆದ ಮೇಲೆ ಕೇಳಬೇಕು: ಇದನ್ನು ಸಂಘದ ಲೆಟರ್‌ಹೆಡ್ ಮೇಲೆ ಅಚ್ಚು ಹಾಕಿಸಿದರೆ ಕಾರ್ಯದರ್ಶಿ ಸಹಿ ಹಾಕುತ್ತಾರಾ?

ನಮ್ಮ ಪೋಸ್ಟಿಗೆ ಇದನ್ನು ಮಾಡಿ ನೋಡೋಣ. 🔥🔥 ಅಂದರೆ "ಜನ ಮುಗಿಬಿದ್ದಿದ್ದಾರೆ". ಯೋಜನೆ ಇವತ್ತು ಬೆಳಿಗ್ಗೆ ಶುರುವಾಗಿದೆ, ಯಾರು ಮುಗಿಬಿದ್ದರು? 🚀 ಅಂದರೆ "ನಿಮ್ಮ ಹಣ ಮೇಲೆ ಮೇಲೆ ಏರುತ್ತದೆ". ಅಲ್ಲ, ಇದು ನಿಶ್ಚಿತ ಠೇವಣಿ. ₹1 ಲಕ್ಷ ಇಟ್ಟರೆ ವರ್ಷದ ಕೊನೆಗೆ ₹9,000 ಬಡ್ಡಿ, ಅಷ್ಟೇ. ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಏರಿಳಿತ ಇಲ್ಲ ಅನ್ನುವುದೇ ಠೇವಣಿಯ ಆಕರ್ಷಣೆ, ಅದನ್ನೇ ರಾಕೆಟ್ ಹಾಳು ಮಾಡುತ್ತಿದೆ. 🏃‍♂️🏃‍♂️⏳ ಅಂದರೆ "ಯೋಚಿಸಬೇಡಿ, ಓಡಿ ಬನ್ನಿ". ಯೋಜನೆಗೆ ಕೊನೆಯ ದಿನಾಂಕ ಇದ್ದರೆ ದಿನಾಂಕ ಬರೆಯಬೇಕು, ಇಲ್ಲದಿದ್ದರೆ ಮರಳುಗಡಿಯಾರ ಸುಳ್ಳು ಹೇಳುತ್ತಿದೆ.

"ಎಮೋಜಿಗೆಲ್ಲ ಇಷ್ಟು ಅರ್ಥ ಹಚ್ಚಬೇಕಾ?" ಅಂತ ಕೇಳುವವರು ಇದ್ದೇ ಇರುತ್ತಾರೆ. ನ್ಯಾಯಾಲಯಗಳೇ ಹಚ್ಚಿವೆ. ಅಮೆರಿಕದಲ್ಲಿ ಡ್ಯಾಪರ್ ಲ್ಯಾಬ್ಸ್ ಅನ್ನುವ ಕಂಪನಿ ಬಾಸ್ಕೆಟ್‌ಬಾಲ್ ಆಟದ ತುಣುಕುಗಳನ್ನು ಡಿಜಿಟಲ್ ಸಂಗ್ರಹವಾಗಿ ಮಾರುತ್ತಿತ್ತು. ಅದರ ಟ್ವೀಟ್‌ಗಳಲ್ಲಿ ಲಾಭ ಅನ್ನುವ ಪದವೇ ಇರಲಿಲ್ಲ. ಇದ್ದದ್ದು ರಾಕೆಟ್, ಏರುವ ಗ್ರಾಫ್, ಹಣದ ಚೀಲ. 2023ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನ ನ್ಯಾಯಾಧೀಶ ವಿಕ್ಟರ್ ಮರೆರೋ ಈ ಮೂರು ಚಿತ್ರಗಳಿಗೆ ಇರುವುದು ಒಂದೇ ಅರ್ಥ, ಹೂಡಿದ ಹಣಕ್ಕೆ ಲಾಭ ಬರುತ್ತದೆ ಎಂಬುದು, ಅಂತ ಬರೆದರು. ಅದು ಪ್ರಕರಣ ಮುಂದುವರಿಯಬಹುದೇ ಅನ್ನುವ ಹಂತದ ಆದೇಶ, ಕೊನೆಯ ತೀರ್ಪಲ್ಲ. ಅದೇ ವರ್ಷ ಜುಲೈನಲ್ಲಿ ವಾಷಿಂಗ್ಟನ್‌ನ ಇನ್ನೊಬ್ಬ ನ್ಯಾಯಾಧೀಶರು, ಬೆಡ್ ಬಾತ್ ಅಂಡ್ ಬಿಯಾಂಡ್ ಕಂಪನಿಯ ಷೇರಿನ ವಿಷಯದಲ್ಲಿ ದೊಡ್ಡ ಹೂಡಿಕೆದಾರರೊಬ್ಬರು ಹಾಕಿದ ಒಂದೇ ಒಂದು ಚಂದ್ರನ ಮುಖದ ಎಮೋಜಿ ಕೂಡ ಜನರನ್ನು ದಾರಿ ತಪ್ಪಿಸಿರಬಹುದು ಎಂಬ ವಾದವನ್ನು ತಳ್ಳಿಹಾಕಲು ಒಪ್ಪಲಿಲ್ಲ. ಷೇರು ಮಾತಾಡುವ ಗುಂಪುಗಳಲ್ಲಿ ಚಂದ್ರ ಅಂದರೆ "ಬೆಲೆ ಚಂದ್ರನಿಗೇ ಹೋಗುತ್ತೆ" ಅಂತ.

ಇವೆಲ್ಲ ಅಮೆರಿಕದ ಮಾತು, ನಮ್ಮ ಕೋರ್ಟಿಗೆ ಇವು ಕಟ್ಟಳೆಯಲ್ಲ ನಿಜ. ಆದರೆ ನಮ್ಮಲ್ಲೂ ನಿಯಮದ ದಿಕ್ಕು ಅದೇ. 2023ರ ಏಪ್ರಿಲ್‌ನಲ್ಲಿ ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ ಹೂಡಿಕೆ ಸಲಹೆಗಾರರಿಗೂ ಸಂಶೋಧನಾ ವಿಶ್ಲೇಷಕರಿಗೂ ಜಾಹೀರಾತು ಸಂಹಿತೆ ತಂದಿತು. ಸಾಮಾಜಿಕ ಜಾಲತಾಣದ ಪೋಸ್ಟ್ ಕೂಡ ಜಾಹೀರಾತೇ ಅಂತ ಅದು ಹೇಳುತ್ತದೆ. ಬೆಸ್ಟ್, ನಂಬರ್ 1, ಟಾಪ್ ಅನ್ನುವಂಥ ಪದಗಳನ್ನು ಅದು ಬಿಡುವುದಿಲ್ಲ. ಹಾಗಿದ್ದ ಮೇಲೆ ಪದದ ಬದಲು 🥇 ಇಟ್ಟರೆ ತಪ್ಪಿಸಿಕೊಳ್ಳಬಹುದು ಅಂದುಕೊಳ್ಳುವುದು ನನ್ನ ಪ್ರಕಾರ ಹುಂಬತನ. ಪದ ಹೇಳುವುದನ್ನೇ ಚಿತ್ರವೂ ಹೇಳುತ್ತಿದ್ದರೆ ಎರಡಕ್ಕೂ ಒಂದೇ ಅಳತೆ.

ಒಂದು 💯 ಏನೆಲ್ಲ ಹೇಳುತ್ತದೆ

ನಮ್ಮ ಪೋಸ್ಟ್‌ನಲ್ಲಿ ಎಲ್ಲಕ್ಕಿಂತ ಅಪಾಯದ ಎಮೋಜಿ ರಾಕೆಟ್ ಅಲ್ಲ, 💯. ಹದಿಹರೆಯದವರ ಚಾಟ್‌ನಲ್ಲಿ ಅದು "ಖಂಡಿತಾ", "ನಿಜಾನೇ" ಅನ್ನುವಷ್ಟು ಸಲೀಸು. ಠೇವಣಿಯ ಪಕ್ಕದಲ್ಲಿ ನಿಂತಾಗ ಅದು "ಹಣ ನೂರಕ್ಕೆ ನೂರು ಸುರಕ್ಷಿತ" ಅನ್ನುವ ಭರವಸೆ. ಆ ಭರವಸೆ ಕೊಡಲು ಯಾರಿಗೂ ಸಾಧ್ಯವಿಲ್ಲ.

ಬ್ಯಾಂಕ್ ಆಗಿದ್ದರೆ, ಅದು ಮುಳುಗಿದಾಗ ಠೇವಣಿದಾರರಿಗೆ ಹಣ ಕೊಡುವ ಡಿಐಸಿಜಿಸಿ ವಿಮೆ ಇರುತ್ತದೆ. 2020ರ ಫೆಬ್ರವರಿಯಿಂದ ಅದರ ಮಿತಿ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ ₹5 ಲಕ್ಷ. ಅದಕ್ಕಿಂತ ಜಾಸ್ತಿ ಇಟ್ಟವರಿಗೆ ಬ್ಯಾಂಕಿನಲ್ಲೂ 💯 ಅನ್ನುವುದು ಸರಿಯಲ್ಲ. ಇನ್ನು ಪತ್ತಿನ ಸಹಕಾರ ಸಂಘಕ್ಕೆ ಈ ವಿಮೆಯೇ ಇಲ್ಲ. ಅಲ್ಲಿಗೆ ಆ ಪುಟ್ಟ ಕೆಂಪು ನೂರು ಒಂದು ಶುದ್ಧ ತಪ್ಪು ಹೇಳಿಕೆ. ಪಕ್ಕದ ✅ ಇನ್ನೂ ನಾಜೂಕು. ಯಾರೋ ಮೇಲಿನವರು ಪರಿಶೀಲಿಸಿ ಸರಿ ಅಂದಿದ್ದಾರೆ ಅನ್ನುವ ಭಾವನೆಯನ್ನು ಅದು ಹುಟ್ಟಿಸುತ್ತದೆ. ವಾಟ್ಸಾಪ್‌ನಲ್ಲಿ, ಎಕ್ಸ್‌ನಲ್ಲಿ ಹೆಸರಿನ ಪಕ್ಕ ಟಿಕ್ ಇದ್ದರೆ ಅಸಲಿ ಖಾತೆ ಅಂತ ಜನ ಕಲಿತುಬಿಟ್ಟಿದ್ದಾರೆ.

ಓದುಗರು ಯಾರು ಅನ್ನುವುದನ್ನೂ ಇಲ್ಲೇ ನೋಡಬೇಕು. ಇಂಥ ಸಂಘದ ಠೇವಣಿದಾರರಲ್ಲಿ ನಿವೃತ್ತ ಶಿಕ್ಷಕರು, ಅಡಿಕೆ ಬೆಳೆಗಾರರು, ಅಂಗಡಿಯವರು ಜಾಸ್ತಿ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಿಂದ ₹35,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಅಂತ ಆರ್‌ಬಿಐ ಮಿತಿ ಹಾಕಿತು. ಅದಕ್ಕಿಂತ ಮುಂಚಿನ ವರ್ಷ ಬೆಂಗಳೂರಿನ ಹೂಡಿಕೆ ಕಂಪನಿ ಐಎಂಎ ಮುಳುಗಿತ್ತು. ಆ ಸುದ್ದಿಗಳನ್ನು ದಿನಾ ಟೀವಿಯಲ್ಲಿ ನೋಡಿದವರು ಇವರು. ಇವರ ಮುಂದೆ "💯 ಸೇಫ್ ✅" ಅಂತ ಬರೆದರೆ ಇಬ್ಬರು ಬೇರೆ ಬೇರೆ ಥರ ಓದುತ್ತಾರೆ. ಒಬ್ಬರು ನಂಬಿ ಇದ್ದ ಉಳಿತಾಯವೆಲ್ಲ ತಂದು ಇಡುತ್ತಾರೆ. ಇನ್ನೊಬ್ಬರು "ಇಷ್ಟು ಜೋರಾಗಿ ಸೇಫ್ ಅಂತಿದ್ದಾರೆ ಅಂದ್ರೆ ಏನೋ ಇದೆ" ಅಂತ ಇದ್ದ ಠೇವಣಿಯನ್ನೂ ವಾಪಸ್ ಕೇಳುತ್ತಾರೆ. ಸಂಘಕ್ಕೆ ಎರಡೂ ಬೇಡ.

ಇನ್ನೊಂದು ವಿಷಯ. ಮೋಸದ ಸಂದೇಶಗಳನ್ನು ನೆನಪಿಸಿಕೊಳ್ಳಿ. 🎁🎁 ಬಹುಮಾನ ಬಂದಿದೆ, ✅ ಲಿಂಕ್ ಒತ್ತಿ, ⏰ ಇವತ್ತೇ ಕೊನೆ. ಅಸಲಿ ಸಂಸ್ಥೆಯೂ ಇದೇ ಧಾಟಿಯಲ್ಲಿ ಬರೆದರೆ ಗ್ರಾಹಕರು ಯಾವುದನ್ನು ನೋಡಿ ವ್ಯತ್ಯಾಸ ಕಂಡುಹಿಡಿಯಬೇಕು? "ಇಂಥ ಮೆಸೇಜ್ ನಂಬಬೇಡಿ" ಅಂತ ಹೇಳುವ ಸಂಸ್ಥೆಯೇ ಇಂಥ ಮೆಸೇಜ್ ಕಳಿಸುವುದು, ನನ್ನ ಕಣ್ಣಿಗೆ, ಈ ಕ್ಷೇತ್ರದ ಅತಿ ದೊಡ್ಡ ಎಡವಟ್ಟು.

ನಿಮ್ಮ ಫೋನಿನಲ್ಲಿ ಕಂಡದ್ದೇ ಅವರಿಗೂ ಕಾಣುವುದಿಲ್ಲ

ಎಮೋಜಿ ಅನ್ನುವುದು ಚಿತ್ರವಲ್ಲ, ಒಂದು ಸಂಕೇತ ಸಂಖ್ಯೆ. ಚಿತ್ರ ಬಿಡಿಸುವುದು ಆಯಾ ಫೋನ್ ಕಂಪನಿ. ಹಾಗಾಗಿ ಒಂದೇ ಎಮೋಜಿ ಒಂದೊಂದು ಫೋನಿನಲ್ಲಿ ಒಂದೊಂದು ರೂಪ ತಾಳುತ್ತದೆ. ಹಣಕಾಸಿನಲ್ಲಿ ಇದು ಎಲ್ಲಿ ಚುಚ್ಚುತ್ತದೆ ಅಂದರೆ 📈 ಹತ್ತಿರ. ಬಹಳಷ್ಟು ಫೋನ್‌ಗಳಲ್ಲಿ ಮೇಲೇರುವ ಆ ಗೆರೆ ಕೆಂಪು, ಕೆಳಗಿಳಿಯುವ 📉 ಗೆರೆ ನೀಲಿ. ಎಮೋಜಿ ಹುಟ್ಟಿದ್ದು ಜಪಾನಿನಲ್ಲಿ, ಅಲ್ಲಿನ ಷೇರುಪೇಟೆಯಲ್ಲಿ ಏರಿಕೆಗೆ ಕೆಂಪು ಬಣ್ಣ. ನಮ್ಮಲ್ಲಿ ಟೀವಿಯಲ್ಲಿ ಸೆನ್ಸೆಕ್ಸ್ ಬಿದ್ದರೆ ಕೆಂಪು. ಗೆರೆಯ ದಿಕ್ಕು ನೋಡದೆ ಬಣ್ಣ ಮಾತ್ರ ನೋಡುವ ಕಣ್ಣಿಗೆ ನಿಮ್ಮ ಶುಭ ಸುದ್ದಿ ನಷ್ಟದ ಸುದ್ದಿ ಆಗಿಬಿಡುತ್ತದೆ.

ಹಣದ ಎಮೋಜಿಗಳ ಕಥೆಯೂ ಹಾಗೇ. ನೋಟಿನ ಕಟ್ಟುಗಳಲ್ಲಿ ಯೆನ್ 💴, ಡಾಲರ್ 💵, ಯೂರೋ 💶, ಪೌಂಡ್ 💷 ಇವೆ. ರೂಪಾಯಿ ನೋಟಿಲ್ಲ. 💰 ಚೀಲದ ಮೇಲೆ ಇರುವುದೂ ಡಾಲರ್ ಗುರುತು. ಗ್ರಾಮೀಣ ಠೇವಣಿದಾರರಿಗೆ ಡಾಲರ್ ಚೀಲ ತೋರಿಸುವ ಅಗತ್ಯ ಏನಿದೆ? ₹ ಅನ್ನುವ ಅಕ್ಷರ 2010ರಿಂದ ಯುನಿಕೋಡ್‌ನಲ್ಲಿದೆ, ಎಲ್ಲ ಫೋನಿನಲ್ಲೂ ಟೈಪ್ ಆಗುತ್ತದೆ, ಅದನ್ನೇ ಬಳಸಿ. 💸 ಅಂತೂ ರೆಕ್ಕೆ ಬಂದು ಹಾರಿಹೋಗುವ ದುಡ್ಡು. ಉಳಿತಾಯ ಖಾತೆಯ ಪೋಸ್ಟ್‌ನಲ್ಲಿ ಅದನ್ನು ಕಂಡಾಗೆಲ್ಲ ನನಗೆ ನಗು ತಡೆಯಲಾಗುವುದಿಲ್ಲ.

ಚುನಾವಣೆ ಸಮಯದಲ್ಲಿ ಇನ್ನೊಂದು ಕಣ್ಣು ಬೇಕು. 🪷 ನೋಡಿದರೆ ಬಿಜೆಪಿ, ✋ ನೋಡಿದರೆ ಕಾಂಗ್ರೆಸ್ ಅಂತ ಕರ್ನಾಟಕದಲ್ಲಿ ಮಕ್ಕಳಿಗೂ ಗೊತ್ತು. ಲಕ್ಷ್ಮೀ ಪೂಜೆಯ ಶುಭಾಶಯಕ್ಕೆ ಕಮಲ ಹಾಕುವುದು ಸಹಜವೇ, ಆದರೆ ಮತದಾನದ ವಾರದಲ್ಲಿ ಅದೇ ಕಮಲ ಬೇರೆಯೇ ಮಾತು. "ನಿಲ್ಲಿ, ಓಟಿಪಿ ಕೊಡಬೇಡಿ" ಅನ್ನಲು ✋ ಬದಲು 🚫 ಹಾಕಿದರೆ ತಲೆನೋವೇ ಇಲ್ಲ.

ದೃಷ್ಟಿ ಕಡಿಮೆಯಿರುವವರ ಫೋನ್ ಎಮೋಜಿಗಳನ್ನೂ ಹೆಸರಿಟ್ಟು ಓದಿ ಹೇಳುತ್ತದೆ. 🏃‍♂️🏃‍♂️ ಅಂತ ಹಾಕಿದರೆ ಓಡುವ ಮನುಷ್ಯ, ಓಡುವ ಮನುಷ್ಯ ಅಂತ ಎರಡು ಸಲ ಕೇಳಬೇಕು. ವಾಕ್ಯದ ನಡುವೆ ಇದು ಬಂದರೆ ಬಡ್ಡಿದರ ಎಷ್ಟು ಅನ್ನುವುದೇ ಕೈತಪ್ಪುತ್ತದೆ. ಎಮೋಜಿ ಇಡಲೇಬೇಕಿದ್ದರೆ ಸಾಲಿನ ಕೊನೆಗೆ, ಒಂದೇ ಒಂದು.

ಹ್ಯಾಶ್‌ಟ್ಯಾಗ್: ಹೆಸರೂ ಹೌದು, ನೆರೆಹೊರೆಯೂ ಹೌದು

ಹ್ಯಾಶ್‌ಟ್ಯಾಗ್‌ನಲ್ಲಿ ನೋಡಬೇಕಾದ್ದು ಎರಡು. ಅದು ಏನು ಹೇಳುತ್ತದೆ, ಮತ್ತು ಯಾರ ಪಕ್ಕದಲ್ಲಿ ನಿಮ್ಮನ್ನು ಕೂರಿಸುತ್ತದೆ.

#ನಮ್ಮಬ್ಯಾಂಕ್ ನೋಡಿ. ಕೇಳಲು ಆತ್ಮೀಯವಾಗಿದೆ. ಆದರೆ ಈ ಸಂಘ ಬ್ಯಾಂಕ್ ಅಲ್ಲ. ಬ್ಯಾಂಕಿಂಗ್ ಪರವಾನಗಿ ಇಲ್ಲದ ಸಹಕಾರ ಸಂಘಗಳು ತಮ್ಮ ಹೆಸರಿನಲ್ಲಿ ಬ್ಯಾಂಕ್ ಅನ್ನುವ ಪದ ಬಳಸುವಂತಿಲ್ಲ ಅಂತ 2020ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು. 2021ರ ನವೆಂಬರ್‌ನಲ್ಲಿ ಆರ್‌ಬಿಐ ಇದರ ಬಗ್ಗೆ ಜನರಿಗೇ ಎಚ್ಚರಿಕೆ ಕೊಟ್ಟಿತು. "ಹೆಸರಿನಲ್ಲಿ ಹಾಕಿಲ್ಲ, ಟ್ಯಾಗ್‌ನಲ್ಲಿ ತಾನೇ" ಅಂತ ವಾದಿಸಬಹುದು. ವಾದ ಗೆದ್ದರೂ ಓದಿದವರ ತಲೆಯಲ್ಲಿ ಉಳಿಯುವುದು ಬ್ಯಾಂಕ್ ಅನ್ನುವ ಪದವೇ, ಮತ್ತು ಬ್ಯಾಂಕ್ ಅಂದ ಕೂಡಲೇ ವಿಮೆ ಇದೆ ಅಂತ ಅವರು ನಂಬುತ್ತಾರೆ. 🏦 ಎಮೋಜಿಗೂ ಇದೇ ಮಾತು. #GetRich ಬಗ್ಗೆ ಜಾಸ್ತಿ ಹೇಳಬೇಕಿಲ್ಲ, 9% ಬಡ್ಡಿಯಲ್ಲಿ ಯಾರೂ ಶ್ರೀಮಂತರಾಗಲ್ಲ.

#9.5%ForSeniors ಟ್ಯಾಗೇ ಆಗುವುದಿಲ್ಲ. ಚುಕ್ಕೆ, ಶೇಕಡಾ ಗುರುತು, ಹೈಫನ್, ಜಾಗ ಬಂದ ಕಡೆ ಹ್ಯಾಶ್‌ಟ್ಯಾಗ್ ಮುರಿಯುತ್ತದೆ. ಉಳಿಯುವುದು #9 ಅಷ್ಟೇ. ಕನ್ನಡ ಟ್ಯಾಗ್‌ಗೆ ಇನ್ನೊಂದು ತೊಡಕಿದೆ. ಇಂಗ್ಲಿಷ್‌ನಲ್ಲಿ #SafeSavings ಅಂತ ದೊಡ್ಡಕ್ಷರ ಇಟ್ಟು ಪದ ಬಿಡಿಸಬಹುದು, ಕನ್ನಡಕ್ಕೆ ದೊಡ್ಡಕ್ಷರವಿಲ್ಲ. #ಹಿರಿಯನಾಗರಿಕರಠೇವಣಿಯೋಜನೆ ಅಂತ ಒಂದೇ ಉಸಿರಿಗೆ ಬರೆದರೆ ಓದಲು ಹಿಂಸೆ. ಅಂಡರ್‌ಸ್ಕೋರ್ ಹಾಕಿ #ಹಿರಿಯರ_ಠೇವಣಿ ಅಂತ ಬರೆಯಿರಿ, ಅದು ಟ್ಯಾಗನ್ನು ಮುರಿಯುವುದಿಲ್ಲ. "ಬ್ಯಾಂಕ್‌ನಲ್ಲಿ" ಥರದ ಪದಗಳ ನಡುವೆ ಕಾಣದ ಒಂದು ಅಕ್ಷರ ಇರುತ್ತದೆ, ಅರ್ಧಾಕ್ಷರವನ್ನು ಬಿಡಿಸಿ ತೋರಿಸಲು ಕೀಬೋರ್ಡ್ ಸೇರಿಸುವಂಥದ್ದು. ಅದಿದ್ದ ಟ್ಯಾಗ್, ಇಲ್ಲದ ಟ್ಯಾಗ್ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರಬಹುದು. ಅಂಥ ಪದವನ್ನು ಟ್ಯಾಗ್ ಮಾಡದಿರುವುದೇ ಸುಲಭದ ದಾರಿ.

ಇನ್ನು ನೆರೆಹೊರೆ. #RCB ಹಾಕುವುದು ಜನ ಅಲ್ಲಿದ್ದಾರೆ ಅಂತ. ಆದರೆ ಆ ಜನ ಅಲ್ಲಿ ಯಾಕಿದ್ದಾರೆ ಅನ್ನುವುದು ಗಂಟೆಗಂಟೆಗೆ ಬದಲಾಗುತ್ತದೆ. 2025ರ ಜೂನ್ 3ರ ರಾತ್ರಿ ಅದು ಕಪ್ ಗೆದ್ದ ಸಂಭ್ರಮದ ಟ್ಯಾಗ್. ಮರುದಿನ ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತವಾಗಿ 11 ಜನ ಸತ್ತರು. ಈಗ ಊಹಿಸಿ, ಯಾವುದೋ ಹಣಕಾಸು ಸಂಸ್ಥೆ "🔥🔥 ಈ ಸಲ ಬಡ್ಡಿ ನಮ್ದೇ" ಅಂತ ಒಂದು ಪೋಸ್ಟನ್ನು ಆ ಸಂಜೆ 6 ಗಂಟೆಗೆ ತಾನಾಗಿಯೇ ಹೋಗುವಂತೆ ಮುಂಚೆಯೇ ಹೊಂದಿಸಿಟ್ಟಿತ್ತು ಅಂತ. ಬೇರೆಯವರ ಟ್ಯಾಗ್ ಬಳಸಿದರೆ ಅವರ ಸುದ್ದಿಯೂ ನಿಮ್ಮ ಮೈಮೇಲೆ. ಅದಕ್ಕೇ ಎರಡು ಕಟ್ಟುನಿಟ್ಟು: ಟ್ರೆಂಡಿಂಗ್ ಟ್ಯಾಗ್ ಇರುವ ಪೋಸ್ಟನ್ನು ಮುಂಚೆಯೇ ಹೊಂದಿಸಿ ಇಡಬಾರದು, ಮತ್ತು ಹಾಕುವ ಹತ್ತು ನಿಮಿಷ ಮುಂಚೆ ಆ ಟ್ಯಾಗನ್ನು ಒತ್ತಿ ಮೊದಲ ಇಪ್ಪತ್ತು ಪೋಸ್ಟ್ ಓದಬೇಕು. ಅವರ ಲೋಗೋ, ಹೆಸರು ಬಳಸುವ ಹಕ್ಕಿನ ಪ್ರಶ್ನೆ ಬೇರೆ ಇದ್ದೇ ಇದೆ.

ಸ್ವಂತ ಟ್ಯಾಗ್ ಮಾಡಿಕೊಂಡರೆ ಕ್ಷೇಮವೇ? ಅದೂ ಅಲ್ಲ. 2013ರ ನವೆಂಬರ್‌ನಲ್ಲಿ ಅಮೆರಿಕದ ಬ್ಯಾಂಕ್ ಜೆಪಿ ಮಾರ್ಗನ್ #AskJPM ಅಂತ ಒಂದು ಟ್ಯಾಗ್ ಕೊಟ್ಟು, ತನ್ನ ಹಿರಿಯ ಅಧಿಕಾರಿಯೊಬ್ಬರಿಗೆ ಪ್ರಶ್ನೆ ಕಳಿಸಿ ಅಂದಿತು. 2008ರ ಕುಸಿತದ ಸಿಟ್ಟು ಜನರಲ್ಲಿ ಇನ್ನೂ ಆರಿರಲಿಲ್ಲ. ಬೈಗುಳ, ವ್ಯಂಗ್ಯ ಮಳೆಯಂತೆ ಸುರಿದವು, ಕಾರ್ಯಕ್ರಮವೇ ರದ್ದಾಯಿತು. ಪ್ರಶ್ನೆ ಕೇಳಿ ಅನ್ನುವ ಟ್ಯಾಗ್ ಕೊಡುವ ಮುಂಚೆ, ಜನ ಕೇಳಲು ಕಾಯುತ್ತಿರುವ ಅತಿ ಕಹಿಯಾದ ಐದು ಪ್ರಶ್ನೆಗಳನ್ನು ಬರೆದುಕೊಂಡು ಉತ್ತರ ಇದೆಯಾ ಅಂತ ನೋಡಿಕೊಳ್ಳಬೇಕು.

ಯಾರು ಯಾರಿಗೆ "ಗುರು" ಅನ್ನಬಹುದು

ಆಡುಮಾತೇ ತಪ್ಪು ಅಂತ ನಾನು ಹೇಳುತ್ತಿಲ್ಲ. "ಪರಿಪಕ್ವತಾ ಮೊತ್ತವನ್ನು ನವೀಕರಿಸಲು ಕೋರಲಾಗಿದೆ" ಅನ್ನುವ ಕನ್ನಡಕ್ಕಿಂತ "ಎಫ್‌ಡಿ ಅವಧಿ ಮುಗಿದಿದೆ, ಮುಂದುವರಿಸಬೇಕಾ ತಿಳಿಸಿ" ಅನ್ನುವುದು ಸಾವಿರ ಪಾಲು ಮೇಲು. ಜನ ಎಫ್‌ಡಿ ಅನ್ನುತ್ತಾರೆ, ಇಎಂಐ ಅನ್ನುತ್ತಾರೆ, ಚೆಕ್ ಬೌನ್ಸ್ ಆಯ್ತು ಅನ್ನುತ್ತಾರೆ. ಅದು ಸರಳ ಮಾತು, ಇರಲಿ. ತೊಂದರೆ ಬರುವುದು ಸಲುಗೆಯ ಮಾತಿನಲ್ಲಿ.

"ಸಖತ್ ಆಗಿದೆ ಗುರು", "ಇವತ್ತೇ ಬಾ", "ನಿನ್ನ ದುಡ್ಡು". ಕೌಂಟರಿನಲ್ಲಿ ಕೂತ ಹುಡುಗ ಅರವತ್ತೈದರ ಮೇಷ್ಟ್ರಿಗೆ ಹೀಗೆ ಮಾತಾಡುತ್ತಾನಾ? "ಬನ್ನಿ ಸಾರ್, ಕೂತ್ಕೊಳ್ಳಿ" ಅನ್ನುತ್ತಾನೆ. ಕೌಂಟರಿನಲ್ಲಿ ಆಡದ ಮಾತನ್ನು ಪೋಸ್ಟ್‌ನಲ್ಲಿ ಆಡಬಾರದು, ಇಷ್ಟೇ ಅಳತೆ. ಕನ್ನಡದಲ್ಲಿ ನೀನು, ನೀವು ಅನ್ನುವ ಆಯ್ಕೆಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಇಂಗ್ಲಿಷ್ ಮಾದರಿಯನ್ನು ನೋಡಿ ಬರೆಯುವವರು ಇಲ್ಲೇ ಜಾರುತ್ತಾರೆ. "ಗೆಳೆಯರೇ" ಅಂತ ಬಹುವಚನದಲ್ಲಿ ಶುರುಮಾಡಿ "ನಿನ್ನ" ಅಂತ ಏಕವಚನಕ್ಕೆ ಇಳಿದಿದ್ದನ್ನು ನಮ್ಮ ಪೋಸ್ಟ್‌ನಲ್ಲೇ ಗಮನಿಸಿ.

ಊರಿನ ಪ್ರಶ್ನೆಯೂ ಇದೆ. ಗುರು, ಮಗಾ ಬೆಂಗಳೂರು, ಮೈಸೂರು ಕಡೆಯ ಹುಡುಗರ ಬಾಯಿಮಾತು. ಧಾರವಾಡದ ಕಡೆ ದುಡ್ಡಿಗೆ ರೊಕ್ಕ ಅನ್ನುತ್ತಾರೆ, ಮಂಗಳೂರಿನಲ್ಲಿ ಮಾರಾಯ್ರೆ ಅನ್ನುತ್ತಾರೆ. ಹುಬ್ಬಳ್ಳಿಯ ಶಾಖೆಯ ಪುಟದಲ್ಲಿ "ಸಖತ್ ಗುರು" ಅಂದರೆ ಬೆಂಗಳೂರಿನ ಏಜೆನ್ಸಿ ಬರೆದದ್ದು ಅಂತ ಎರಡನೇ ಪದಕ್ಕೇ ಗೊತ್ತಾಗುತ್ತದೆ. ಅದರ ಬದಲು ಅಲ್ಲಿಯ ಮಾತನ್ನೇ ಅಣಕಿಸಿದಂತೆ ಬರೆದರೆ ಇನ್ನೂ ಕೆಟ್ಟದು. ರಾಜ್ಯಕ್ಕೆಲ್ಲ ಒಂದೇ ಪುಟ ಇದ್ದರೆ "ಹಣ" ಅನ್ನುವ ಪದ ಎಲ್ಲ ಕಡೆ ಸಲ್ಲುತ್ತದೆ, ಯಾರಿಗೂ ಚುಚ್ಚುವುದಿಲ್ಲ.

ಸಲುಗೆ ಹೇಗೆ ತಿರುಗುಬಾಣ ಆಗುತ್ತದೆ ಅನ್ನುವುದಕ್ಕೆ ಅಮೆರಿಕದ ಚೇಸ್ ಬ್ಯಾಂಕಿನ ಪ್ರಸಂಗಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. 2019ರ ಏಪ್ರಿಲ್ ಕೊನೆಯ ಒಂದು ಸೋಮವಾರ #MondayMotivation ಟ್ಯಾಗ್ ಹಾಕಿ ಚೇಸ್ ಒಂದು ತಮಾಷೆಯ ಸಂಭಾಷಣೆ ಟ್ವೀಟ್ ಮಾಡಿತು. ಗ್ರಾಹಕ "ನನ್ನ ಖಾತೆಯಲ್ಲಿ ಹಣ ಯಾಕಿಷ್ಟು ಕಡಿಮೆ?" ಅಂತ ಕೇಳುತ್ತಾನೆ. ಖಾತೆ ಉತ್ತರಿಸುತ್ತದೆ: ಕಾಫಿ ಮನೆಯಲ್ಲೇ ಮಾಡ್ಕೋ, ಫ್ರಿಜ್‌ನಲ್ಲಿರುವುದನ್ನೇ ತಿನ್ನು, ಮೂರೇ ಬೀದಿ ದೂರಕ್ಕೆ ಕ್ಯಾಬ್ ಯಾಕೆ. ಗ್ರಾಹಕ "ಏನೋಪ್ಪ, ಗೊತ್ತೇ ಆಗ್ತಿಲ್ಲ" ಅನ್ನುತ್ತಾನೆ. ಇಬ್ಬರು ಸ್ನೇಹಿತರ ನಡುವೆ ಆಗಿದ್ದರೆ ಒಳ್ಳೆಯ ಜೋಕ್. ಹೇಳಿದ್ದು ಬ್ಯಾಂಕ್. 2008ರಲ್ಲಿ ಸರ್ಕಾರದಿಂದ 2,500 ಕೋಟಿ ಡಾಲರ್ ನೆರವು ಪಡೆದ ಬ್ಯಾಂಕ್ ಬಡವರಿಗೆ ಕಾಫಿ ಬಿಡಿ ಅಂತ ಬುದ್ಧಿ ಹೇಳುತ್ತಿದೆ ಅಂತ ಜನ ಹರಿಹಾಯ್ದರು. ಸೆನೆಟರ್ ಎಲಿಜಬೆತ್ ವಾರನ್ ಅದೇ ಧಾಟಿಯಲ್ಲಿ ತಿರುಗಿಸಿ ಟ್ವೀಟ್ ಮಾಡಿದರು. ಚೇಸ್ ಅದೇ ದಿನ ಟ್ವೀಟ್ ಅಳಿಸಿತು, ಅಷ್ಟರಲ್ಲಿ ಸ್ಕ್ರೀನ್‌ಶಾಟ್ ಎಲ್ಲ ಕಡೆ ಓಡಾಡಿತ್ತು.

ಗಮನಿಸಿ, ಆ ಟ್ವೀಟ್‌ನಲ್ಲಿ ಸುಳ್ಳು ಇರಲಿಲ್ಲ. ನಿಯಮ ಮುರಿದಿರಲಿಲ್ಲ. ಕಾನೂನು ವಿಭಾಗದ ಕಣ್ಣಿಗೆ ಅದು ಸಲೀಸಾಗಿ ಪಾಸಾಗುವಂಥದ್ದು. ಅಲ್ಲಿ ಕೆಟ್ಟುಹೋದದ್ದು ಅಂದರೆ ಹೇಳುವವರ ಮತ್ತು ಕೇಳುವವರ ನಡುವಿನ ಸಂಬಂಧ ಮಾತ್ರ. ನಿಯಮ ನೋಡುವವರ ಜೊತೆಗೆ ಓದುಗರನ್ನು ಬಲ್ಲ ಒಬ್ಬರು ಪೋಸ್ಟ್ ನೋಡಬೇಕು ಅನ್ನುವುದು ಇದಕ್ಕೇ. ಸಣ್ಣ ಸಂಘದಲ್ಲಿ ಅಂಥವರು ಕ್ಯಾಷಿಯರ್. ದಿನವಿಡೀ ಠೇವಣಿದಾರರ ಜೊತೆ ಮಾತಾಡುವವರು ಅವರೇ.

ಅವರಿಗೆ ತೋರಿಸುವಾಗ "ಚೆನ್ನಾಗಿದೆಯಾ?" ಅಂತ ಕೇಳಬಾರದು, ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. "ಇದರಲ್ಲಿ ಏನು ಹೇಳಿದೆ, ನಿಮ್ಮ ಮಾತಲ್ಲಿ ಹೇಳಿ" ಅನ್ನಬೇಕು. ಒಬ್ಬ ಹಿರಿಯ ಸದಸ್ಯರಿಗೂ, ಈಗಷ್ಟೇ ಖಾತೆ ತೆರೆದ ಒಬ್ಬ ಯುವಕನಿಗೂ ಇದನ್ನೇ ಕೇಳಿ. ಮೂವರ ಉತ್ತರ ಒಂದೇ ಆಗಿದ್ದರೆ ಪೋಸ್ಟ್ ಸರಿಯಿದೆ. "ಬಡ್ಡಿ ಇನ್ನೂ ಜಾಸ್ತಿ ಆಗುತ್ತಂತೆ" ಅಂತ ಒಬ್ಬರು ಅಂದರೆ ರಾಕೆಟ್ ಎಲ್ಲೋ ಉಳಿದುಕೊಂಡಿದೆ.

ತಿದ್ದಿದ ಮೇಲೆ

ಅದೇ ಪೋಸ್ಟ್ ಈಗ ಹೀಗೆ ನಿಲ್ಲುತ್ತದೆ.

> ನಮಸ್ಕಾರ. ಸದಸ್ಯರಿಗಾಗಿ ಹೊಸ ಎಫ್‌ಡಿ ಯೋಜನೆ ಶುರುವಾಗಿದೆ. ಅವಧಿ 1 ವರ್ಷ. ಬಡ್ಡಿ ವರ್ಷಕ್ಕೆ 9%, ಹಿರಿಯ ನಾಗರಿಕರಿಗೆ 9.5%. ₹1 ಲಕ್ಷ ಇಟ್ಟರೆ ವರ್ಷದ ಕೊನೆಗೆ ₹9,000 ಬಡ್ಡಿ, ಹಿರಿಯರಿಗೆ ₹9,500. ಅವಧಿಗೆ ಮುಂಚೆ ತೆಗೆದರೆ ಬಡ್ಡಿ ಕಡಿಮೆಯಾಗುತ್ತದೆ. ನಮ್ಮದು ಸಹಕಾರ ಸಂಘ, ಬ್ಯಾಂಕ್ ಅಲ್ಲ. ಠೇವಣಿಗೆ ಡಿಐಸಿಜಿಸಿ ವಿಮೆ ಇರುವುದಿಲ್ಲ. ಬೆಳಿಗ್ಗೆ 10ರಿಂದ 4ರವರೆಗೆ ಕಚೇರಿಗೆ ಬಂದು ವಿಚಾರಿಸಿ 🙏 #ಹಿರಿಯರ_ಠೇವಣಿ #ಸಹಕಾರ_ಸಂಘ

"ಇಷ್ಟು ನೀರಸವಾದರೆ ಯಾರು ನೋಡ್ತಾರೆ?" ಈ ಪ್ರಶ್ನೆ ಪ್ರತಿ ಸಲ ಬರುತ್ತದೆ. ಲೈಕ್ ಕಡಿಮೆ ಬರಬಹುದು, ಒಪ್ಪುತ್ತೇನೆ. ಆದರೆ ₹9,500 ಅನ್ನುವ ಅಂಕಿ ನಿವೃತ್ತರ ಕಣ್ಣಿಗೆ ಯಾವ ಬೆಂಕಿಯ ಎಮೋಜಿಗಿಂತಲೂ ಬೇಗ ಬೀಳುತ್ತದೆ. ಅಳೆಯಬೇಕಾದ್ದು ಲೈಕನ್ನಲ್ಲ, ಪೋಸ್ಟ್ ನೋಡಿ ಕಚೇರಿಗೆ ಬಂದವರು ಏನು ಕೇಳಿದರು ಅನ್ನುವುದನ್ನು. "ಎಷ್ಟು ದಿನ ಇಡಬೇಕು?" ಅಂತ ಕೇಳಿದರೆ ಅವಧಿ ಎದ್ದು ಕಾಣುತ್ತಿಲ್ಲ ಅಂತ. "ಇದು ನಿಜವಾಗ್ಲೂ ನಿಮ್ಮದೇ ಪೋಸ್ಟಾ?" ಅಂತ ಫೋನ್ ಬಂದರೆ ಧಾಟಿಯೇ ತಪ್ಪಿದೆ ಅಂತ.

ಇನ್ನೊಂದು ಸೂಕ್ಷ್ಮ. ವಿಮೆ ಇಲ್ಲ ಅನ್ನುವ ಸಾಲು ಫೋನಿನಲ್ಲಿ "ಇನ್ನಷ್ಟು ನೋಡಿ" ಅನ್ನುವುದರ ಹಿಂದೆ ಮರೆಯಾಗಬಾರದು. ಬ್ರಿಟನ್ನಿನ ನಿಯಂತ್ರಣ ಸಂಸ್ಥೆ ಎಫ್‌ಸಿಎ 2024ರ ಮಾರ್ಚ್‌ನಲ್ಲಿ ಕೊಟ್ಟ ಮಾರ್ಗದರ್ಶಿಯಲ್ಲಿ ಇದನ್ನೇ ಒತ್ತಿ ಹೇಳಿದೆ, ಮೀಮ್ ಕೂಡ ಹಣಕಾಸಿನ ಜಾಹೀರಾತು ಆಗಬಹುದು ಅಂತಲೂ ಹೇಳಿದೆ. ಕನ್ನಡ ಪದಗಳು ಉದ್ದ, ಸಾಲು ಬೇಗ ತುಂಬುತ್ತದೆ. ಹಾಗಾಗಿ ಕಡಿಮೆ ಬೆಲೆಯ ಒಂದು ಆಂಡ್ರಾಯ್ಡ್ ಫೋನಿನಲ್ಲಿ, ಅಕ್ಷರ ದೊಡ್ಡದು ಮಾಡಿಟ್ಟು, ಎಲ್ಲಿ ತುಂಡಾಗುತ್ತದೆ ಅಂತ ನೋಡಿ. ಹಿರಿಯರ ಫೋನ್ ಇರುವುದೇ ಹಾಗೆ. ಎಚ್ಚರಿಕೆ ಸಾಲು ಕೆಳಗೆ ಹೋಗುತ್ತಿದ್ದರೆ ಅದನ್ನು ಬಡ್ಡಿದರದ ಪಕ್ಕಕ್ಕೇ ತನ್ನಿ, ಇಲ್ಲವೇ ಚಿತ್ರದೊಳಗೇ ಬರೆಯಿರಿ.

ಎಮೋಜಿ ಪೂರ್ತಿ ನಿಷಿದ್ಧ ಅಂತ ಇಲ್ಲಿಂದ ಯಾರೂ ತೀರ್ಮಾನಿಸಬೇಡಿ. ದೀಪಾವಳಿಗೆ 🪔, ರಾಜ್ಯೋತ್ಸವಕ್ಕೆ 💛❤️ (ಹಳದಿ ಮೊದಲು, ಕೆಂಪು ಆಮೇಲೆ), ಹೊಸ ಶಾಖೆಯ ವಿಳಾಸಕ್ಕೆ 📍, ಇವೆಲ್ಲ ಚೆನ್ನಾಗಿಯೇ ಒಪ್ಪುತ್ತವೆ. ಯಾಕೆಂದರೆ ಅಲ್ಲಿ ಯಾರ ಹಣದ ಬಗ್ಗೆಯೂ ಮಾತು ಕೊಡುತ್ತಿಲ್ಲ. ಹಣ ಹೋದವರಿಗೆ ಉತ್ತರಿಸುವಾಗ ಮಾತ್ರ ಒಂದೂ ಬೇಡ. "ನನ್ನ ಖಾತೆಯಿಂದ ₹40,000 ಹೋಗಿದೆ" ಅಂತ ಕಾಮೆಂಟ್ ಬಂದರೆ "ಅಯ್ಯೋ 😟 ಮೆಸೇಜ್ ಮಾಡಿ 🙏" ಅನ್ನಬಾರದು. "ಕೂಡಲೇ 1930ಕ್ಕೆ ಕರೆ ಮಾಡಿ ದೂರು ಕೊಡಿ. ಖಾತೆ ಸಂಖ್ಯೆ, ಓಟಿಪಿ ಇಲ್ಲಿ ಬರೆಯಬೇಡಿ. ಪಾಸ್‌ಬುಕ್ ಮೇಲಿರುವ ನಮ್ಮ ನಂಬರಿಗೂ ಫೋನ್ ಮಾಡಿ" ಅನ್ನಬೇಕು. ನಕಲಿ ಖಾತೆಯವರು ಇಂಥ ಕಾಮೆಂಟ್‌ಗಾಗಿಯೇ ಕಾಯುತ್ತಿರುತ್ತಾರೆ, ಅವರ ಉತ್ತರದಲ್ಲಿ 😟🙏 ಧಾರಾಳವಾಗಿ ಇರುತ್ತದೆ.

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬಹುದು: ಯಾವ ಎಮೋಜಿ ಎಲ್ಲಿ ಸರಿ, ಯಾವ ಟ್ಯಾಗ್ ನಮ್ಮದು, ಯಾವ ಪದ ಬೇಡ. ಆದರೆ ಹಾಳೆಯ ಮೇಲೆ ದಿನಾಂಕ ಹಾಕಿ, ಆರು ತಿಂಗಳಿಗೊಮ್ಮೆ ಕ್ಯಾಷಿಯರ್ ಜೊತೆ ಕೂತು ತಿದ್ದಿ. 👍 ಎಂಬುದನ್ನು ಹಿರಿಯರು "ಸರಿ" ಅಂತ ಓದಿದರೆ, ಎಷ್ಟೋ ಹುಡುಗರು ಅದನ್ನು "ಸಾಕು, ಮಾತು ಮುಗಿಸು" ಅಂತ ಓದುತ್ತಾರೆ. ಆ ಹುಡುಗರೂ ಒಂದು ದಿನ ಎಫ್‌ಡಿ ಇಡಲು ಬರುತ್ತಾರೆ, ಆಗ ಹಾಳೆಯಲ್ಲಿ 👍 ಸಾಲನ್ನು ತಿದ್ದಬೇಕಾಗುತ್ತದೆ.